ಕರೆಪ್ಪ ತನ್ನ ಸಹಿ ಹಿಂದಕ್ಕೆ ಕೇಳಿದ್ದು

ಕಲ್ಲೋಳಿಯಲ್ಲಿ ಯಾರಾದರೂ ಸತ್ತರೆ ಕರೆಪ್ಪ ಎರಡು ಸಲ ಬರುತ್ತಿದ್ದ. ಒಮ್ಮೆ ಮಣ್ಣಿಗೆ, ಇನ್ನೊಮ್ಮೆ ಎರಡು ಮೂರು ತಿಂಗಳು ಬಿಟ್ಟು ಸಹಿಗೆ. ಸತ್ತವನ ಹೊಲ ಮಕ್ಕಳ ಹೆಸರಿಗೆ ಆಗಬೇಕು, ಅಂದರೆ ನಮ್ಮ ಕಡೆಯ ಮಾತಿನಲ್ಲಿ ವಾರಸಾ ಹಚ್ಚಬೇಕು. ಅದಕ್ಕೆ ಮೊದಲು ವಂಶಾವಳಿ ಬೇಕು, ವಂಶಾವಳಿಗೆ ಪಂಚನಾಮೆ ಬೇಕು. ಪಂಚನಾಮೆಗೆ ಊರಿನ ಐದು ಜನ ಕೂತು, ಸತ್ತವನಿಗೆ ಇಂತಿಂಥವರು ಮಕ್ಕಳು, ಇದು ನಮಗೆ ಖುದ್ದು ಗೊತ್ತು ಎಂದು ಊರಿನ ಕಂದಾಯದ ಲೆಕ್ಕ ನೋಡುವ ತಲಾಠಿಯ ಮುಂದೆ ಹೇಳಿ ಸಹಿ ಮಾಡಬೇಕು. ಆ ಐದರಲ್ಲಿ ಒಬ್ಬ ಯಾವಾಗಲೂ ಕರೆಪ್ಪ. ಬಣವೆ ಸುಟ್ಟರೂ, ಹೊಳೆ ಬಂದು ಗೋಡೆ ಬಿದ್ದರೂ, ಬದುವಿನ ಕಲ್ಲು ಸರಿದರೂ ಅವನೇ. ತಲಾಠಿಗಳು ಬದಲಾದರು, ಸರಕಾರಗಳು ಬದಲಾದವು, ಗೋಕಾಕ ತಾಲ್ಲೂಕಿನಲ್ಲಿದ್ದ ನಮ್ಮೂರು ಮೂಡಲಗಿ ತಾಲ್ಲೂಕಿಗೆ ಸೇರಿತು. ಪಂಚ ಮಾತ್ರ ಬದಲಾಗಲಿಲ್ಲ.

ಅವನನ್ನೇ ಯಾಕೆ ಕರೆಯುತ್ತಿದ್ದರು ಎಂದರೆ ಉತ್ತರ ಸರಳ. ಅವನಿಗೆ ಎಲ್ಲರೂ ಗೊತ್ತಿದ್ದರು, ಯಾರೊಂದಿಗೂ ತಂಟೆ ಇರಲಿಲ್ಲ, ಮತ್ತು ಕರೆದಾಗ ಸಿಗುತ್ತಿದ್ದ. ಅವನ ಅಪ್ಪನ ಕಾಲಕ್ಕೆ ಕುರಿ ಹಿಂಡು ಕೊಂಕಣದ ದಾರಿ ಹಿಡಿಯುತ್ತಿತ್ತು. ಇವನ ಕಾಲಕ್ಕೆ ಎರಡೆಕರೆ ಗೋವಿನಜೋಳ, ಹನ್ನೆರಡು ಕುರಿ ಉಳಿದಿದ್ದವು. ಅವು ಚಾವಡಿಯ ಹಿಂದಿನ ಬೇಲಿಯಲ್ಲೇ ಮೇಯುತ್ತಿದ್ದವು. ತಲಾಠಿ ಕಿಟಕಿಯಿಂದಲೇ "ಕರೆಪ್ಪಣ್ಣಾ" ಎಂದರೆ ಸಾಕಿತ್ತು. ಸಂಭಾವನೆ ಒಂದು ಕಪ್ ಚಹಾ. ಊರಿನಲ್ಲಿ ನಂಬಿಕೆಯ ಮನುಷ್ಯ ಎಂದು ಹೆಸರು ಪಡೆಯಲು ಇದಕ್ಕಿಂತ ಹೆಚ್ಚಿನದೇನೂ ಬೇಕಾಗುವುದಿಲ್ಲ ಎಂಬುದನ್ನು ನಾನು ಅವನಿಂದ ತಿಳಿದೆ. ಹೆಸರು ಹೋಗಲು ಏನು ಬೇಕಾಗುತ್ತದೆ ಎಂಬುದನ್ನೂ ಅವನಿಂದಲೇ ತಿಳಿದೆ.

ನಾನು ಊರಿನ ಪ್ರೌಢಶಾಲೆಯಲ್ಲಿ ಕನ್ನಡ ಹೇಳಿಕೊಡುತ್ತಿದ್ದವನು. ಸಾಕ್ಷರತೆಯ ವರ್ಗಗಳು ನಡೆಯುತ್ತಿದ್ದ ವರ್ಷಗಳಲ್ಲಿ ಕರೆಪ್ಪ ನನ್ನ ಹತ್ತಿರ ಹನ್ನೊಂದು ದಿನ ಪಾಟಿ ಹಿಡಿದುಕೊಂಡು ಬಂದ. ಹನ್ನೊಂದನೇ ದಿನ ತನ್ನ ಹೆಸರನ್ನು ಮೂರು ಸಲ ತಪ್ಪಿಲ್ಲದೆ ಬರೆದು, ಪಾಟಿಯನ್ನು ನನ್ನ ಮೇಜಿನ ಮೇಲೆ ಇಟ್ಟ.

"ಇಷ್ಟ ಸಾಕ್ರಿ ಮಾಸ್ತರ."

"ಇನ್ನ ಕಾಗುಣಿತ ಐತಿ, ವಾಕ್ಯ ಐತಿ. ನಾಳಿಂದ ಓದೂದು ಸುರು."

"ಓದಾಕ ತಲಾಠಿ ಅದಾರಲ್ರಿ. ನನಗ ಹೆಬ್ಬೆಟ್ಟ ಒತ್ತೂದು ಅಷ್ಟ ತಪ್ಪಬೇಕಾಗಿತ್ತ."

ಹೀಗೆ, ಓದಲು ಬಾರದ ಕಾಗದಗಳಿಗೆ ಸೊಗಸಾಗಿ ಸಹಿ ಮಾಡುವ ವಿದ್ಯೆಯೊಂದನ್ನು ನಾನು ಅವನಿಗೆ ಕಲಿಸಿದೆ. ಅಂದಿನಿಂದ ಮೂವತ್ತು ವರ್ಷ ನಮ್ಮ ಸ್ನೇಹ. ಸಂಜೆ ನಮ್ಮ ಕಟ್ಟೆಗೆ ಬಂದು ಕೂರುತ್ತಿದ್ದ. ನಾನು ಪುಸ್ತಕದಿಂದ ಏನಾದರೂ ಓದಿ ಹೇಳಿದರೆ ಕೊನೆಗೊಂದು ಪ್ರಶ್ನೆ ಕೇಳುತ್ತಿದ್ದ: "ಇದನ್ನ ಬರದಾಂವ ಅಲ್ಲಿ ಇದ್ನೋ, ಇಲ್ಲಾ ಯಾರೋ ಹೇಳಿದ್ದನ್ನ ಬರದಾನೋ?" ಬಹಳಷ್ಟು ಸಾಹಿತ್ಯ ಆ ಪ್ರಶ್ನೆಯ ಮುಂದೆ ನಿಲ್ಲುವುದಿಲ್ಲ.

ಎರಡು ಸಾವಿರದ ಹದಿನಾರರಲ್ಲಿ ಅವನ ಓಣಿಯ ಮಾಲಿಂಗ ಸತ್ತ. ಅವನ ಹೆಸರಿಗೆ ಮೂರು ಎಕರೆ ಇಪ್ಪತ್ತು ಗುಂಟೆ. ಹೆಂಡತಿ ಮೊದಲೇ ತೀರಿದ್ದಳು. ಗಂಡುಮಕ್ಕಳಾದ ಅಣ್ಣಪ್ಪ, ಲಕ್ಷ್ಮಣ ಇಬ್ಬರೂ ವಂಶಾವಳಿಗೆ ಅರ್ಜಿ ಹಾಕಿದರು. ಇಬ್ಬರಿಗೂ ಹಿರಿಯಳಾದ ಒಬ್ಬಳೇ ಮಗಳು ಯಲ್ಲಕ್ಕನನ್ನು ಹುಕ್ಕೇರಿ ತಾಲ್ಲೂಕಿನ ಹಿಡಕಲ್ಲಿಗೆ ಕೊಟ್ಟು ಆಗಲೇ ಇಪ್ಪತ್ತೈದು ವರ್ಷವಾಗಿತ್ತು. ಆಗಿನ ತಲಾಠಿ ಪಂಚರನ್ನು ಕೂರಿಸಿ, "ಮಾಲಿಂಗನ ಮನ್ಯಾಗ ಯಾರ್ಯಾರ ಅದಾರ್ರಿ?" ಎಂದು ಕೇಳಿದ. ಐದೂ ಜನ, "ಇಬ್ಬರು ಗಂಡಮಕ್ಕಳು ಅದಾರ್ರಿ" ಎಂದರು. ಅದು ಸುಳ್ಳಲ್ಲ. ಕೊಟ್ಟ ಮಗಳನ್ನು ತವರಿನ ಮನೆಮಂದಿಯಲ್ಲಿ ಎಣಿಸುವ ರೂಢಿ ನಮ್ಮಲ್ಲಿಲ್ಲ. ಹಬ್ಬಕ್ಕೆ ಕರೆಯುತ್ತೇವೆ, ಸೀರೆ ಉಡಿಸುತ್ತೇವೆ, ಉಡಿ ತುಂಬಿ ಕಳಿಸುತ್ತೇವೆ, ಎಣಿಸುವುದಿಲ್ಲ. ತಲಾಠಿ ಮನೆಯನ್ನು ಕೇಳಿ ವಂಶವನ್ನು ಬರೆದುಕೊಂಡ: ಇಬ್ಬರು ಗಂಡುಮಕ್ಕಳು, ಇವರನ್ನು ಬಿಟ್ಟು ಬೇರೆ ವಾರಸುದಾರರು ಇರುವುದಿಲ್ಲ. ಬರೆದದ್ದನ್ನು ಓದಿ ಹೇಳಿದ. ಐದು ಜನ ಸಹಿ ಮಾಡಿದರು. ಚಹಾ ಬಂತು. ವಂಶಾವಳಿ ಬಂತು. ಹೊಲ ಇಬ್ಬರ ಹೆಸರಿಗೆ ಆಯಿತು.

ಎಂಟು ವರ್ಷಗಳ ನಂತರ, ಎರಡು ಸಾವಿರದ ಇಪ್ಪತ್ತನಾಲ್ಕರ ಬೇಸಿಗೆಯಲ್ಲಿ, ಯಲ್ಲಕ್ಕ ಕರೆಪ್ಪನ ಅಂಗಳಕ್ಕೆ ಬಂದು ನಿಂತಳು. ನಾನೂ ಅಲ್ಲಿದ್ದೆ. ಗಂಡ ಹೋಗಿ ವರ್ಷವಾಗಿತ್ತು. ಮಕ್ಕಳಿರಲಿಲ್ಲ. ಹಿಡಕಲ್ ಜಲಾಶಯದ ದಂಡೆಯಲ್ಲಿ ಮೀನು ಹಸನು ಮಾಡುವ ಕೆಲಸಕ್ಕೆ ಹೋಗುತ್ತಿದ್ದಳು. ಗಂಡನ ಮನೆಯವರು ಒಂದು ಕೋಣೆಯನ್ನೂ ಬಿಟ್ಟುಕೊಡಲು ತಯಾರಿರಲಿಲ್ಲ. ಅಪ್ಪನ ಹೊಲದಲ್ಲಿ ತನ್ನ ಪಾಲಿಗೆ ಬರುವ ನೆಲದಲ್ಲಿ ಒಂದು ಮನೆ ಹಾಕಿಕೊಂಡು ಇರಬೇಕೆಂಬುದು ಅವಳ ಆಸೆ. ಅದನ್ನು ಕೇಳಲು ಮೂಡಲಗಿಗೆ ಹೋದರೆ, ಹಳೆಯ ಕಾಗದ ಗೋಕಾಕದ ದಾಖಲೆ ಕೋಣೆಯಲ್ಲಿದೆ ಎಂದರು. ಗೋಕಾಕಕ್ಕೆ ಹೋಗಿ ಅರ್ಜಿ ಕೊಟ್ಟು, ವಾರ ಬಿಟ್ಟು ಮತ್ತೆ ಹೋಗಿ, ದೃಢೀಕೃತ ನಕಲು ತಂದಿದ್ದಳು. ಬಸ್ಸಿನಲ್ಲಿ ಯಾರಿಂದಲೋ ಓದಿಸಿಕೊಂಡೂ ಬಂದಿದ್ದಳು.

"ಕಾಕಾ, ನಾ ಮಾಲಿಂಗನ ಮಗಳ ಹೌದೋ ಅಲ್ಲೋ?"

"ಅದೇನ ಕೇಳ್ತಿ ಹುಚ್ಚಿ? ನಿನ್ನನ್ನ ಹೆಗಲ ಮ್ಯಾಲ ಕೂಡಿಸ್ಕೊಂಡ ಜಾತ್ರಿ ತೋರಿಸೇನಿ."

"ಮತ್ತ ಇಲ್ಲಿ ಬ್ಯಾರೆ ಯಾರೂ ಇಲ್ಲ ಅಂತ ಬರದೈತೆಲ್ಲೊ. ಕೆಳಗ ನಿನ್ನ ಸಹಿ ಐತಿ."

ಕರೆಪ್ಪ ಆ ಹಾಳೆ ಕೈಗೆ ತೆಗೆದುಕೊಂಡ. ಅದರಲ್ಲಿ ಅವನಿಗೆ ಓದಲು ಬರುವುದು ಒಂದೇ ಪದವಿತ್ತು. ಅದನ್ನು ಬಹಳ ಹೊತ್ತು ನೋಡಿದ.

ಮರುದಿನ ಬೆಳಿಗ್ಗೆಯೇ ನಮ್ಮ ಮನೆಗೆ ಬಂದ. ತಹಶೀಲ್ದಾರರಿಗೆ ಅರ್ಜಿ ಬರೆಯಬೇಕು ಎಂದ. ಕಾಗದದ ಮೇಲೆ ಬರೆದು ಟಪಾಲಿನಲ್ಲಿ ಕೊಡೋಣ ಎಂದೆ.

"ಮಾಸ್ತರ, ನಿಮ್ಮ ಮೊಬೈಲಿನ್ಯಾಗಿಂದ ಕಳಸ್ತೀರಲ್ಲ, ಅದನ್ನ ಕಳಿಸಿದ ಮ್ಯಾಲ ತಿರುಗಿ ತಗೊಳ್ಳಾಕ ಬರತೈತೇನ್ರಿ?"

"ಇಲ್ಲ. ಹೋತಂದ್ರ ಹೋತು. ತಾರೀಖು, ಟೈಮ್ ಸಮೇತ ಅಲ್ಲೇ ಉಳಿತೈತಿ."

"ಹಂಗಾರ ಅದ ಬೇಕ್ರಿ. ಕಾಗದ ಆದ್ರ ಬಸ್ ಸ್ಟ್ಯಾಂಡಿಗೆ ಹೋಗೂದ್ರಾಗ ಅಣ್ಣಪ್ಪ ಬಂದ ಕಾಲ ಹಿಡದ್ರ ನಾ ಹರದ ಒಗದ ಬಿಡ್ತೇನಿ. ನನ್ನ ನನಗ ಗೊತ್ತಿಲ್ಲೇನ್ರಿ?"

ಅವನ ಹೆಸರಿನಲ್ಲಿ ಒಂದು ಇ-ಮೇಲ್ ಖಾತೆ ತೆರೆದೆ. ಕರಡು ಬರೆದು ಓದಿ ಹೇಳಿದೆ. ಅದರಲ್ಲಿ ನಾನು ಗೆಳೆಯನ ರಕ್ಷಣೆಗೆಂದು ಒಂದು ಸಾಲು ಸೇರಿಸಿದ್ದೆ: "ನನಗೆ ಓದಲು ಬಾರದ ಕಾರಣ ಪಂಚನಾಮೆಯಲ್ಲಿ ಏನು ಬರೆದಿದೆ ಎಂಬುದು ನನ್ನ ಗಮನಕ್ಕೆ ಬಂದಿರುವುದಿಲ್ಲ."

"ಅದನ್ನ ತಗೀರಿ."

"ಯಾಕಪಾ? ಖರೇನ ಐತೆಲ್ಲ. ಓದಾಕ ಬರೂದಿಲ್ಲ ನಿನಗ."

"ಓದಾಕ ಬರೂದಿಲ್ರಿ, ಕೇಳಾಕ ಬರತೈತಿ. ತಲಾಠಿ ಓದಿ ಹೇಳಿದ್ರು. ಬ್ಯಾರೆ ಯಾರೂ ಇಲ್ಲ ಅಂದಾಗ ಯಲ್ಲಕ್ಕನ ನೆನಪ ಬಂತ್ರಿ ನನಗ. ಚಹಾ ಆರತೈತಿ ಅಂತ ಸುಮ್ಮನಾದೆ."

ನಾನು ವಾದ ಮಾಡಿದೆ. ಆ ಸಾಲು ಇದ್ದರೆ ಅವನು ಮೋಸ ಹೋದವನು, ಇಲ್ಲದಿದ್ದರೆ ಮೋಸ ಮಾಡಿದವನು ಎಂದು ಬಿಡಿಸಿ ಹೇಳಿದೆ. ಸುಳ್ಳು ಹೇಳಿಕೆಗೆ ಶಿಕ್ಷೆಯೂ ಇದೆ ಎಂದೆ. ಅವನು ಮತ್ತೆ ತಗೀರಿ ಎಂದ. ಕೊನೆಗೆ ಆ ಸಾಲು ಅಳಿಸಿದೆ. ಹೋದ ಇ-ಮೇಲ್ ಇದು:

ಇವರಿಗೆ,
ಮಾನ್ಯ ತಹಶೀಲ್ದಾರರು, ತಾಲ್ಲೂಕು ಕಚೇರಿ, ಮೂಡಲಗಿ.

ವಿಷಯ: ಕಲ್ಲೋಳಿಯ ದಿವಂಗತ ಮಾಲಿಂಗ ಇವರ ವಂಶಾವಳಿಯಲ್ಲಿ ಮಗಳ ಹೆಸರು ಬಿಟ್ಟುಹೋಗಿರುವುದನ್ನು ಸರಿಪಡಿಸುವ ಕುರಿತು.

ಉಲ್ಲೇಖ: ನಮ್ಮ ಗ್ರಾಮವು ಗೋಕಾಕ ತಾಲ್ಲೂಕಿನಲ್ಲಿದ್ದಾಗ 2016ರಲ್ಲಿ ನಡೆದ ಪಂಚನಾಮೆ ಹಾಗೂ ನೀಡಲಾದ ವಂಶಾವಳಿ ಪ್ರಮಾಣಪತ್ರ.

ಮಾನ್ಯರೇ,
ಮೇಲ್ಕಂಡ ಪಂಚನಾಮೆಗೆ ಐದನೇ ಪಂಚನಾಗಿ ಸಹಿ ಮಾಡಿದವನು ನಾನು. ಮೃತರಿಗೆ ಇಬ್ಬರು ಗಂಡುಮಕ್ಕಳನ್ನು ಬಿಟ್ಟು ಬೇರೆ ವಾರಸುದಾರರಿಲ್ಲ ಎಂದು ಅದರಲ್ಲಿ ಹೇಳಿದೆ. ಮೃತರಿಗೆ ಯಲ್ಲಕ್ಕ ಎಂಬ ಮಗಳು ಇದ್ದಾಳೆ. ಈಗ ಹುಕ್ಕೇರಿ ತಾಲ್ಲೂಕಿನ ಹಿಡಕಲ್ಲಿನಲ್ಲಿ ವಾಸವಾಗಿದ್ದಾಳೆ. ಇದು ನನಗೆ ಆಗಲೂ ಗೊತ್ತಿತ್ತು. ಪಂಚನಾಮೆಯನ್ನು ನನಗೆ ಓದಿ ಹೇಳಲಾಗಿತ್ತು. ಗೊತ್ತಿದ್ದೂ ಹೇಳದೆ ಸಹಿ ಮಾಡಿದ್ದು ನನ್ನ ತಪ್ಪು. ಆದ್ದರಿಂದ ವಿಚಾರಣೆ ಮಾಡಿ ಸದರಿ ವಂಶಾವಳಿಯಲ್ಲಿ ಯಲ್ಲಕ್ಕನ ಹೆಸರು ಸೇರಿಸಬೇಕೆಂದು ಕೋರುತ್ತೇನೆ.

ಲಗತ್ತು: ಪಂಚನಾಮೆ ಮತ್ತು ವಂಶಾವಳಿಯ ನಕಲು, ನನ್ನ ಆಧಾರ್ ಪ್ರತಿ, ಮೊಬೈಲ್ ಸಂಖ್ಯೆ.

ತಮ್ಮ ವಿಶ್ವಾಸಿ,
ಕರೆಪ್ಪ, ಕಲ್ಲೋಳಿ

ಕಳಿಸುವ ಗುಂಡಿಯನ್ನು ಅವನೇ ಒತ್ತಿದ. ಹೆಬ್ಬೆಟ್ಟಿನಿಂದ.

ಆರು ವಾರಕ್ಕೆ ಉತ್ತರ ಬಂತು. ಕಚೇರಿಯ ಭಾಷೆಯಲ್ಲಿ ಅದಕ್ಕೆ ಹಿಂಬರಹ ಎನ್ನುತ್ತಾರೆ. ಅದು ಶುದ್ಧ ಕನ್ನಡದಲ್ಲಿತ್ತು, ಕಾನೂನಿನ ಪ್ರಕಾರ ಅದರಲ್ಲಿ ತಪ್ಪು ಹುಡುಕಲು ನನ್ನಿಂದಾಗಲಿಲ್ಲ. ತಾವು ಸದರಿ ಕುಟುಂಬದ ಸದಸ್ಯರಲ್ಲದ ಕಾರಣ ತಿದ್ದುಪಡಿ ಕೋರಲು ಅವಕಾಶವಿರುವುದಿಲ್ಲ. ಅಲ್ಲದೆ ತಾವು ಹಿಂದೆ ನೀಡಿದ ಹೇಳಿಕೆ ಸತ್ಯವಲ್ಲವೆಂದು ತಾವೇ ಒಪ್ಪಿಕೊಂಡಿರುವುದರಿಂದ, ತಮ್ಮ ಈಗಿನ ಹೇಳಿಕೆಯೊಂದನ್ನೇ ಆಧಾರವಾಗಿ ಪರಿಗಣಿಸಲು ಬರುವುದಿಲ್ಲ. ಸಂಬಂಧಪಟ್ಟ ವಾರಸುದಾರರು ಪ್ರಮಾಣಿತ ಹೇಳಿಕೆ ಹಾಗೂ ದಾಖಲೆಗಳೊಂದಿಗೆ ನಾಡಕಚೇರಿಯಲ್ಲಿ ಹೊಸದಾಗಿ ಅರ್ಜಿ ಸಲ್ಲಿಸಬಹುದು. ಪ್ರತಿ: ಮಾಹಿತಿಗಾಗಿ ಗ್ರಾಮ ಆಡಳಿತ ಅಧಿಕಾರಿ, ಕಲ್ಲೋಳಿ.

ಓದಿ ಹೇಳಿದೆ. ತನ್ನ ಅಂಗಳದಲ್ಲಿ ಕೂತಿದ್ದ ಕರೆಪ್ಪ ಎರಡನೆಯ ಸಲ ಓದಿಸಿದ.

"ಅಂದ್ರ, ನಾ ಸುಳ್ಳ ಹೇಳಿದ್ದಕ್ಕ ಯಾರೂ ಏನೂ ಕೇಳಲಿಲ್ಲ."

"ಹೂಂ."

"ಖರೆ ಹೇಳೂದ್ರಾಗ ಸುಳ್ಳ ಆದೆ."

"ಹಂಗ ಅನ್ನು."

ಅವನು ನಗತೊಡಗಿದ. ನನಗೂ ನಗು ತಡೆಯಲಾಗಲಿಲ್ಲ. ಅವನ ಹೆಂಡತಿ ಬಾಳವ್ವ ಒಳಗಿನಿಂದ, "ಇಬ್ಬರಿಗೂ ಏನ ಬಂದೈತಿ?" ಎಂದು ಕೇಳಿದಳು. ಆ ನಗುವನ್ನು ನಾನು ಈಗ ಎಷ್ಟೋ ಸಲ ನೆನೆಯುತ್ತೇನೆ. ಯಾಕೆಂದರೆ ಆಮೇಲೆ ಅವನು ಅಷ್ಟು ನಗಲಿಲ್ಲ.

ಆ ಅಧಿಕಾರಿಗೆ, ಅಂದರೆ ತಲಾಠಿಗೆ, ಹೋದ ಪ್ರತಿಯ ಸುದ್ದಿ ಊರಿಗೆಲ್ಲ ಹಬ್ಬಲು ಒಂದು ದಿನ ಸಾಕಾಯಿತು. ಆಗ ಹೊಸದಾಗಿ ಬಂದಿದ್ದ ತಲಾಠಿ ಶೋಭಾ ಒಳ್ಳೆಯ ಹುಡುಗಿ. ಆದರೆ ತಾನೇ ಸುಳ್ಳು ಸಹಿ ಮಾಡಿದೆ ಎಂದು ಬರೆದುಕೊಟ್ಟವನನ್ನು ಮುಂದಿನ ಪಂಚನಾಮೆಗೆ ಅವಳು ಕರೆಯುವುದಾದರೂ ಹೇಗೆ? ಕರೆಯಲಿಲ್ಲ. ಊರಿನವರ ಚಿಂತೆ ಬೇರೆ. ಕರೆಪ್ಪ ಸಹಿ ಮಾಡದ ವಾರಸಾ ಊರಿನಲ್ಲಿ ಎಷ್ಟಿವೆ? ಯಾವ ಮನೆಗೆ ಮಗಳಿಲ್ಲ? ಇವನು ಇನ್ನೂ ಯಾರ್ಯಾರ ಹೆಸರು ನೆನಪು ಮಾಡಿಕೊಳ್ಳುತ್ತಾನೋ ಎಂದು ಎದುರಿಗೆ ಸಿಕ್ಕವರು ಬೇಗ ಬೇಗ ದಾಟತೊಡಗಿದರು. ಅಣ್ಣಪ್ಪ ಮಾತ್ರ ನೇರ ಮನೆಗೇ ಬಂದ. ಕೆಟ್ಟವನಲ್ಲ ಅವನು, ಮೈಮುರಿದು ದುಡಿಯುವವನು.

"ಕಾಕಾ, ಆಕಿ ಮದಿವಿ ನಾವ ಮಾಡೇವಿ. ಪ್ರತಿ ಪಂಚಮಿಗೆ ಕರ್ಕೊಂಡ ಬಂದೇವಿ. ಇನ್ನೇನ ಬಾಕಿ ಐತಿ?"

"ಬಾಕಿ ಏನೂ ಇಲ್ಲಪಾ. ಆಕಿ ನಿಮ್ಮಪ್ಪಗ ಹುಟ್ಯಾಳ. ಅಷ್ಟ ಬರಿಯೂದೈತಿ."

"ಎಂಟ ವರ್ಷದ ಹಿಂದ ಹುಟ್ಟಿರಲಿಲ್ಲೇನ?"

ಅಣ್ಣಪ್ಪ ಹೋದ ಮೇಲೆ ಬಾಳವ್ವ ಚಹಾದ ಬಟ್ಟಲನ್ನು ಅವನ ಮುಂದೆ ಕುಕ್ಕಿದಳು. "ಮೂವತ್ತ ವರ್ಷ ಊರಮಂದಿ ಚಹಾ ಕುಡದಿ. ಇನ್ನ ಮ್ಯಾಲ ಮನ್ಯಾಂದ ಕುಡಿ."

ನಾನು ಯಲ್ಲಕ್ಕನಿಗೆ ಹೊಸ ಅರ್ಜಿ ತಯಾರು ಮಾಡಿಕೊಟ್ಟೆ. ನೋಟರಿಯ ಮುಂದೆ ಪ್ರಮಾಣಿತ ಹೇಳಿಕೆ ಮಾಡಿಸಿದಳು, ಮಾಲಿಂಗನ ಮರಣ ಪ್ರಮಾಣಪತ್ರ ಹಚ್ಚಿದಳು. ಅಕ್ಷರ ಈಗ ಮರೆತುಹೋಗಿದ್ದರೂ ಅವಳು ಕಲ್ಲೋಳಿಯ ಶಾಲೆಯಲ್ಲಿ ನಾಲ್ಕನೆಯ ಇಯತ್ತೆವರೆಗೆ ಓದಿದ್ದಳು. ದಾಖಲಾತಿ ರಜಿಸ್ಟರಿನಲ್ಲಿ ಅಪ್ಪನ ಹೆಸರು ಸಿಕ್ಕಿತು. ಅದರ ಉತಾರೆ, ಅಂದರೆ ದೃಢೀಕೃತ ನಕಲು, ತಂದೆವು. ಕರೆಪ್ಪನ ಇ-ಮೇಲಿನ ಪ್ರತಿಯನ್ನೂ ಹಿಂಬರಹವನ್ನೂ ಜೊತೆಗಿಟ್ಟೆವು. ಎಲ್ಲ ಸರಿಯಿತ್ತು. ಉಳಿದದ್ದು ಸ್ಥಳ ವಿಚಾರಣೆ, ಅಂದರೆ ಮತ್ತೆ ಪಂಚನಾಮೆ, ಮತ್ತೆ ಐದು ಜನ. ಶೋಭಾ ಎರಡು ಸಲ ದಿನ ಗೊತ್ತುಮಾಡಿದಳು. ಎರಡು ಸಲವೂ ಚಾವಡಿಯಲ್ಲಿ ಅವಳು, ಯಲ್ಲಕ್ಕ, ನಾನು ಮೂವರೇ ಕೂತಿದ್ದೆವು. ಊರಿಗೆಲ್ಲ ಅಂದೇ ಘಟಪ್ರಭಾದಲ್ಲಿ ಕೆಲಸ. ಕರೆಪ್ಪ ಬೇಲಿಯ ಆಚೆ ಕುರಿ ಮೇಯಿಸುತ್ತಿದ್ದ. ಕಿಟಕಿಯಿಂದ ಕಾಣುತ್ತಿದ್ದ. ಇಡೀ ಊರಿನಲ್ಲಿ ಕರೆದರೆ ಬರುವವನು ಅವನೊಬ್ಬನೇ, ಕರೆಯಬಾರದವನೂ ಅವನೊಬ್ಬನೇ.

ಜನವರಿಯ ಕೊನೆಯಲ್ಲಿ ಒಂದು ಬೆಳಿಗ್ಗೆ, ಕುರಿ ಬಿಡಲೆಂದು ಹಟ್ಟಿಯ ಬಾಗಿಲು ತೆಗೆಯುತ್ತಿದ್ದಾಗ, ಎದೆ ಹಿಡಿದುಕೊಂಡು ಕೂತ ಕರೆಪ್ಪ ಮತ್ತೆ ಏಳಲಿಲ್ಲ. ಅದರ ಬಗ್ಗೆ ಹೆಚ್ಚು ಬರೆಯುವುದು ನನ್ನಿಂದ ಆಗುವುದಿಲ್ಲ. ಮಣ್ಣಿಗೆ ಇಡೀ ಊರು ಬಂದಿತ್ತು. ಆರು ತಿಂಗಳು ಅವನನ್ನು ಕಂಡು ದಾರಿ ಬದಲಿಸಿದವರು ಅಂದು ಹೆಗಲು ಬದಲಿಸುತ್ತ ನಡೆದರು. ಅಣ್ಣಪ್ಪ, ಲಕ್ಷ್ಮಣ ಕುಣಿ ತೋಡಿದರು.

ಹದಿನೈದು ದಿನವಾಗಿರಲಿಲ್ಲ, ಶೋಭಾ ಮೂರನೆಯ ಸಲ ಚಾವಡಿಯಲ್ಲಿ ಕೂತಳು. ಈ ಸಲ ಜನ ಬಂದರು. ಕರೆಪ್ಪನ ಮನೆಯಲ್ಲಿ ಸೂತಕದ ಕಾರ್ಯ ಮುಗಿದು ಎಲ್ಲರೂ ಊರಲ್ಲೇ ಇದ್ದರು, ಮತ್ತು ಹೋಗದಿದ್ದರೆ ಸತ್ತವನ ಮೇಲೆ ಸಿಟ್ಟಿದೆ ಎಂದಾಗುತ್ತಿತ್ತು. ಹಳೆಯ ಪಂಚರಲ್ಲಿ ಉಳಿದ ನಾಲ್ವರೂ ಇದ್ದರು. ಹಿರಿಯರಾದ ರಾಚಪ್ಪ ಮುಂದೆ ಕೂತಿದ್ದರು. ಗೋಡೆಗೆ ಒರಗಿ ಅಣ್ಣಪ್ಪ ನಿಂತಿದ್ದ.

ಶೋಭಾ ಮೊದಲು ಹಳೆಯ ಪಂಚನಾಮೆ ಓದಿದಳು. ಆಮೇಲೆ ಇ-ಮೇಲ್ ಓದಿದಳು. "ಗೊತ್ತಿದ್ದೂ ಹೇಳದೆ ಸಹಿ ಮಾಡಿದ್ದು ನನ್ನ ತಪ್ಪು" ಎಂಬಲ್ಲಿಗೆ ಯಾರೋ ಕೆಮ್ಮಿದರು.

"ಈಗ ಹೇಳ್ರಿ. ಒಬ್ಬರ ಮಾತು ಎರಡ ಕಡೆ ಎರಡ ಥರ ಐತಿ. ಯಾವದು ಖರೆ?"

ಶೋಭಾ ಇ-ಮೇಲಿನ ಹಾಳೆಯನ್ನು ಎತ್ತಿ ಹಿಡಿದಳು.

"ಕರೆಪ್ಪನವರು ಈ ಮೇಲ್‌ನಾಗ ಬರದದ್ದು ಸುಳ್ಳಂತ ಯಾರರ ಹೇಳ್ತೀರೇನ್ರಿ? ಹೇಳಿದ್ರ ನಾ ಹಂಗ ಬರಕೊಂತೇನಿ."

ರಾಚಪ್ಪ ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡರು. "ಅಲ್ಲ ತಂಗಿ, ಸತ್ತ ಮನಷ್ಯಾನ ಕಡೀ ಮಾತ ಸುಳ್ಳ ಅಂತ ಹೆಂಗ ಹೇಳೂದು? ಮಣ್ಣ ಇನ್ನ ಹಸಿ ಐತಿ."

"ಹಂಗಾರ ಹಳೇದು ಸುಳ್ಳೇನ್ರಿ? ಅದಕ್ಕ ನಿಮ್ಮ ಸಹೀನೂ ಐತಿ."

"ಅದೂ ಸುಳ್ಳಲ್ಲ ಬಿಡು. ಅವತ್ತ ಮನಿ ಕೇಳಿದ್ರು, ಮನಿ ಹೇಳಿದ್ವಿ. ಇವತ್ತ ಮಕ್ಕಳ ಕೇಳಾಕತ್ತಿ, ಮಕ್ಕಳ ಹೇಳ್ತೇವಿ. ಮೂರ ಮಂದಿ. ಬರಕೋ."

ಶೋಭಾ ಗೋಡೆಯ ಕಡೆ ನೋಡಿದಳು. "ಅಣ್ಣಪ್ಪ, ನಿಮ್ಮದೇನರ ತಕರಾರ ಐತೇನ್ರಿ?"

"ಹೊಲದ ಮಾತ ಬ್ಯಾರೆ ಐತ್ರಿ. ಅದನ್ನ ನಾ ಬಿಡಾಂವಲ್ಲ." ಅವನು ನೆಲ ನೋಡಿದ. "ಆದ್ರ ಆಕಿ ನಮ್ಮಕ್ಕ ಅಲ್ಲ ಅಂತ ನಾ ಎಲ್ಲೆ ಅಂದೇನಿ?"

ನಿಜ, ಅವನು ಎಲ್ಲೂ ಅಂದಿರಲಿಲ್ಲ. ಅನ್ನುವ ಪ್ರಸಂಗವೇ ಬರದಂತೆ ಐದು ಜನ ನೋಡಿಕೊಂಡಿದ್ದರು.

ಬದುಕಿದ್ದಾಗ ಆರು ತಿಂಗಳು ಯಾವ ಕಚೇರಿಯೂ ಯಾವ ಕಟ್ಟೆಯೂ ನಂಬದ ಮನುಷ್ಯ, ಸತ್ತ ಹದಿನೈದು ದಿನದಲ್ಲಿ ಊರಿನ ಅತಿ ನಂಬಿಗಸ್ತ ಸಾಕ್ಷಿಯಾದ. ನಾಲ್ವರು ಸಹಿ ಮಾಡಿದರು. ಐದನೆಯವರು ಬೇಕಿತ್ತು. ಶೋಭಾ ನನ್ನ ಕಡೆ ನೋಡಿದಳು. ನಾನು ಇದೇ ಊರಿನವನು, ಆ ಕುಟುಂಬ ನನಗೆ ಗೊತ್ತು, ಯಲ್ಲಕ್ಕನನ್ನು ಬಾಲ್ಯದಿಂದ ಬಲ್ಲೆ. ಅಡ್ಡಿಯಿರಲಿಲ್ಲ. ಹಾಳೆಯನ್ನು ಎರಡು ಸಲ ಓದಿದೆ. ನಲವತ್ತು ವರ್ಷ ಓದುವುದನ್ನು ಕಲಿಸಿದ ನಾನು ಈ ಮೊದಲು ಊರಿನ ಒಂದು ಪಂಚನಾಮೆಗೂ ಕೂತಿರಲಿಲ್ಲ, ನನಗೆ ಬಿಡುವೇ ಇರಲಿಲ್ಲ. ಆಮೇಲೆ ಐದನೆಯವನಾಗಿ ಸಹಿ ಮಾಡಿದೆ.

ಮೂರು ವಾರಕ್ಕೆ ನಾಡಕಚೇರಿಯಿಂದ ಹೊಸ ವಂಶಾವಳಿ ಬಂತು. ಕೌಂಟರಿನಲ್ಲಿ ಅದನ್ನು ತೆಗೆದುಕೊಳ್ಳಲು ನಾನೂ ಯಲ್ಲಕ್ಕನೂ ಹೋಗಿದ್ದೆವು. ಹೊಲದ ಮೇಲಿನ ಹಳೆಯ ವಾರಸಾ ಇಷ್ಟಕ್ಕೇ ಬದಲಾಗುವುದಿಲ್ಲ, ಉಪವಿಭಾಗಾಧಿಕಾರಿಗಳ ಮುಂದೆ ಮೇಲ್ಮನವಿ ಹಾಕಬೇಕು, ಎಂಟು ವರ್ಷ ತಡವಾದದ್ದಕ್ಕೆ ಕಾರಣ ಕೊಡಬೇಕು. ವಕೀಲರು ಅದನ್ನು ಬರೆಯುತ್ತಿದ್ದಾರೆ. ಅಣ್ಣಪ್ಪನೂ ಒಬ್ಬ ವಕೀಲರನ್ನು ಹಿಡಿದಿದ್ದಾನೆ. ಆದರೆ ಈ ಕಾಗದವಿಲ್ಲದೆ ಅವಳ ಮೇಲ್ಮನವಿ ಬಾಗಿಲು ದಾಟುತ್ತಿರಲಿಲ್ಲ.

ಹೊರಗೆ ಬಂದು ಬೇವಿನ ನೆರಳಲ್ಲಿ ಓದಿ ಹೇಳಿದೆ. ಮಾಲಿಂಗ, ಮೃತ. ಕೆಳಗೆ ಮೂರು ಗೆರೆ. ಯಲ್ಲಕ್ಕ, ಮಗಳು. ಅಣ್ಣಪ್ಪ, ಮಗ. ಲಕ್ಷ್ಮಣ, ಮಗ. ಹಿರಿಯಳೆಂದು ಅವಳ ಹೆಸರೇ ಮೊದಲಿತ್ತು. ಯಲ್ಲಕ್ಕ ತನ್ನ ಹೆಸರಿನ ಮೇಲೆ ಬೆರಳಿಟ್ಟಳು. ಆಮೇಲೆ ಬೆರಳು ಹಾಳೆಯ ಕೆಳಗಿನವರೆಗೂ ಸರಿಯಿತು.

"ಮಾಸ್ತರ, ಕರೆಪ್ಪ ಕಾಕಾನ ಹೆಸರ ಎಲ್ಲೈತ್ರಿ ಇದರಾಗ?"

ವಂಶಾವಳಿಯಲ್ಲಿ ಪಂಚರ ಹೆಸರು ಬರುವುದಿಲ್ಲ ಎಂದೆ. ಅವಳು ಒಪ್ಪಲಿಲ್ಲ. ಇನ್ನೊಮ್ಮೆ ನೋಡ್ರಿ ಎಂದಳು. ಇನ್ನೊಮ್ಮೆ ನೋಡಿದೆ.